ಸ್ಪ್ರಿಂಕ್ಲರ್ ಇದ್ದರೂ ಪ್ಲಾಸ್ಟಿಕ್ ಗೋದಾಮು ಯಾಕೆ ಉಳಿಯುವುದಿಲ್ಲ?

ಪ್ಲಾಸ್ಟಿಕ್ ಗೋದಾಮಿಗೆ ಬೆಂಕಿ ಬಿದ್ದ ಸುದ್ದಿಗಳು ಹೆಚ್ಚು ಕಡಿಮೆ ಒಂದೇ ಥರ ಇರುತ್ತವೆ. ಶಾರ್ಟ್ ಸರ್ಕ್ಯೂಟ್ ಶಂಕೆ, ಬೇರೆ ಊರುಗಳಿಂದಲೂ ಬಂದ ಫೈರ್ ಇಂಜಿನ್, ಬೆಳಗಿನವರೆಗೆ ಕಾರ್ಯಾಚರಣೆ, ಕೊನೆಗೆ ನಷ್ಟದ ಮೊತ್ತ. ಇಂಥ ಸುದ್ದಿಯ ನಡುವೆ ಒಮ್ಮೊಮ್ಮೆ ಒಂದು ಸಾಲು ಓದುಗರನ್ನು ಗೊಂದಲಕ್ಕೆ ತಳ್ಳುತ್ತದೆ: ಕಟ್ಟಡದಲ್ಲಿ ಬೆಂಕಿಯ ಬಿಸಿಗೆ ಛಾವಣಿಯಿಂದ ತಾನಾಗಿ ನೀರು ಸುರಿಸುವ ಸ್ಪ್ರಿಂಕ್ಲರ್ ಇತ್ತು. ಇತ್ತು ಅಂದರೆ ಕೆಲಸ ಮಾಡಲಿಲ್ವಾ? ಮಾಡಿದರೆ ಬೆಂಕಿ ಯಾಕೆ ಆರಲಿಲ್ಲ?

ಕೊಡಗಿನಲ್ಲಿ ಕೂತು ಕೇಳಿದರೂ ಈ ಪ್ರಶ್ನೆಗೆ ಅರ್ಥ ಇದೆ. ಕುಶಾಲನಗರದ ಕೂಡ್ಲೂರು ಕೈಗಾರಿಕಾ ಪ್ರದೇಶದ ಶೆಡ್ಡುಗಳು ಅಂದ ಕೂಡಲೇ ನೆನಪಾಗುವುದು ಕಾಫಿ ಕ್ಯೂರಿಂಗ್. ಆದರೆ ಈಗ ಕಾಫಿಯ ಜೊತೆಗೆ ಕಾಫಿ ಪುಡಿಯ ಪೌಚ್, ಜೇನಿನ ಡಬ್ಬಿ, ಹೋಂಮೇಡ್ ಚಾಕೊಲೇಟ್‌ನ ಟ್ರೇ, ಹೋಂಸ್ಟೇಗಳಿಗೆ ಹೋಗುವ ನೀರಿನ ಬಾಟಲಿ, ಆನ್‌ಲೈನ್ ಪಾರ್ಸೆಲ್‌ಗಳ ಥರ್ಮಾಕೋಲ್ ಮತ್ತು ಫೋಮ್ ಹಾಳೆ ಎಲ್ಲವೂ ಎಲ್ಲೋ ಒಂದು ಕಡೆ ದಾಸ್ತಾನಾಗಲೇಬೇಕು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಕೆಲವು ಪ್ಲಾಸ್ಟಿಕ್ ವಸ್ತುಗಳಿಗೆ ದೇಶದಲ್ಲಿ ನಿಷೇಧ ಇದೆ, ನಿಜ. ಅದು ಸ್ಟ್ರಾ, ಚಮಚ, ತಟ್ಟೆಯಂಥವಕ್ಕೆ. ಡಬ್ಬಿ, ಪೌಚ್, ಬಾಟಲಿ, ಪ್ಯಾಕಿಂಗ್ ಹಾಳೆಗಳ ವ್ಯಾಪಾರ ಅದರಿಂದ ನಿಂತಿಲ್ಲ.

ಉತ್ತರದ ಬಹುಪಾಲು ಒಂದು ಮಾತಿನಲ್ಲಿದೆ. ಸ್ಪ್ರಿಂಕ್ಲರ್ ಅನ್ನುವುದು ಕಟ್ಟಡಕ್ಕೆ ಹಾಕುವ ವ್ಯವಸ್ಥೆ ಅಂತ ನಾವು ಅಂದುಕೊಂಡಿದ್ದೇವೆ. ನಿಜವಾಗಿ ಅದನ್ನು ಲೆಕ್ಕ ಹಾಕುವುದು ಒಳಗಿರುವ ಮಾಲಿಗೆ, ಅದೂ ಇಂತಿಷ್ಟು ಎತ್ತರದ ಮಾಲಿಗೆ. ಮಾಲು ಬದಲಾದರೆ ಅಥವಾ ಅಟ್ಟಿ ಎತ್ತರವಾದರೆ ಹಳೆಯ ಲೆಕ್ಕ ಅಲ್ಲಿಗೇ ಮುಗಿಯಿತು. ಪೈಪು ಮಾತ್ರ ಹಾಗೇ ಇರುತ್ತದೆ.

ಗೋಣಿಚೀಲ ಹೋಗಿ ಡಬ್ಬಿ ಬಂದಾಗ

ಕಾಫಿ ತುಂಬಿದ ಗೋಣಿಚೀಲಕ್ಕೆ ಬೆಂಕಿ ಬಿದ್ದರೆ ಸೆಣಬಿನ ಮೇಲ್ಮೈ ಉರಿಯುತ್ತದೆ, ಒಳಗಿನ ಬೀಜ ಒತ್ತಾಗಿ ಕೂತಿರುವುದರಿಂದ ಗಾಳಿ ಸಿಗದೆ ಹೊಗೆಯಾಡುತ್ತಾ ಉಳಿಯುತ್ತದೆ. ಆರಿಸುವುದು ಸುಲಭ ಅಂತಲ್ಲ, ಆದರೆ ಸಮಯ ಸಿಗುತ್ತದೆ. ಮೇಲಿಂದ ಬಿದ್ದ ನೀರನ್ನು ಸೆಣಬು ಹೀರಿಕೊಳ್ಳುತ್ತದೆ. ಒದ್ದೆಯಾದ ಚೀಲ ಪಕ್ಕದ ಚೀಲಕ್ಕೆ ಬೆಂಕಿ ದಾಟದಂತೆ ತಡೆಯುತ್ತದೆ.

ಪ್ಲಾಸ್ಟಿಕ್‌ನಲ್ಲಿ ಇದೆಲ್ಲ ತಿರುಗುಮುರುಗು. ಒಂದು ಕಿಲೋ ಕಟ್ಟಿಗೆಯೋ ಕಾಗದವೋ ಉರಿದರೆ ಸುಮಾರು 16ರಿಂದ 18 ಮೆಗಾಜೌಲ್ ಶಾಖ ಬರುತ್ತದೆ. ಒಂದು ಕಿಲೋ ಪಾಲಿಥಿನ್ ಅಥವಾ ಪಾಲಿಪ್ರೊಪಿಲೀನ್‌ನಿಂದ ಬರುವುದು 43ಕ್ಕಿಂತ ಜಾಸ್ತಿ. ಡೀಸೆಲ್‌ನದ್ದೂ ಹೆಚ್ಚು ಕಡಿಮೆ ಅಷ್ಟೇ. ಇವೆಲ್ಲ ಕಚ್ಚಾ ತೈಲದ ಸಂಬಂಧಿಗಳೇ ಆದ್ದರಿಂದ ಇದರಲ್ಲಿ ಆಶ್ಚರ್ಯ ಏನಿಲ್ಲ.

ಶಾಖಕ್ಕಿಂತ ದೊಡ್ಡ ತೊಂದರೆ ಕರಗುವುದು. ಬಿಸಿ ತಗುಲಿದ ಡಬ್ಬಿ ಮೆತ್ತಗಾಗಿ, ಹನಿಹನಿಯಾಗಿ ಕೆಳಗೆ ಬೀಳುತ್ತದೆ. ಆ ಹನಿಗಳೂ ಉರಿಯುತ್ತಿರುತ್ತವೆ. ಮಾಲು ಪೇರಿಸುವ ಹಲಗೆ, ಅಂದರೆ ಪ್ಯಾಲೆಟ್‌ನ ಅಡಿಯಲ್ಲಿ ಒಂದು ಉರಿಯುವ ಮಡು ಸೇರುತ್ತದೆ. ಸ್ಪ್ರಿಂಕ್ಲರ್ ನೀರು ಬೀಳುವುದು ಅಟ್ಟಿಯ ನೆತ್ತಿಯ ಮೇಲೆ, ಬೆಂಕಿ ಇರುವುದು ಅದರ ಬುಡದಲ್ಲಿ. ಜೊತೆಗೆ ಪ್ಯಾಲೆಟ್‌ಗೆ ಸುತ್ತಿದ ಸ್ಟ್ರೆಚ್ ಫಿಲ್ಮ್ ನೀರನ್ನು ಒಳಗೆ ಬಿಡುವುದಿಲ್ಲ. ಮಳೆಯಿಂದ ಮಾಲು ಕಾಯಲಿ ಅಂತ ಸುತ್ತಿದ ಅದೇ ಫಿಲ್ಮ್, ಬೆಂಕಿ ಬಿದ್ದ ಮೊದಲ ನಿಮಿಷಗಳಲ್ಲಿ ಬೆಂಕಿಯನ್ನೂ ನೀರಿನಿಂದ ಕಾಯುತ್ತದೆ.

ಎತ್ತರ ಅಂದರೆ ಬರೀ ಜಾಗದ ಲೆಕ್ಕ ಅಲ್ಲ

ಎರಡು ಅಟ್ಟಿಗಳ ನಡುವೆ ಒಂದು ಗೇಣು ಸಂದು ಇರುತ್ತದೆ ಅಂದುಕೊಳ್ಳಿ. ಬುಡದಲ್ಲಿ ಬೆಂಕಿ ಹತ್ತಿದರೆ ಆ ಸಂದು ಹೊಗೆಕೊಳವೆಯಂತೆ ಎಳೆಯತೊಡಗುತ್ತದೆ. ಎರಡೂ ಬದಿಯ ಮಾಲು ಒಂದಕ್ಕೊಂದು ಶಾಖ ಕೊಡುತ್ತದೆ. ಜ್ವಾಲೆ ಅಡ್ಡಕ್ಕೆ ಹರಡುವುದಕ್ಕಿಂತ ಎಷ್ಟೋ ಪಟ್ಟು ಬೇಗ ಮೇಲಕ್ಕೆ ಏರುತ್ತದೆ. ಅಟ್ಟಿ ಎತ್ತರವಾದಷ್ಟೂ ಒಂದೇ ಕ್ಷಣದಲ್ಲಿ ಉರಿಯುತ್ತಿರುವ ಮೇಲ್ಮೈ ಜಾಸ್ತಿ. ಹಾಗಾಗಿ ಎತ್ತರ ಎರಡು ಪಟ್ಟಾದರೆ ಬೆಂಕಿಯ ಬಲ ಎರಡು ಪಟ್ಟಿಗೆ ನಿಲ್ಲುವುದಿಲ್ಲ.

ಇತ್ತ ಛಾವಣಿಯ ಕೆಳಗೆ ಸ್ಪ್ರಿಂಕ್ಲರ್ ಹೆಡ್, ಅಂದರೆ ಪೈಪಿನಿಂದ ನೀರು ಚಿಮ್ಮುವ ಬಾಯಿ, ಕಾಯುತ್ತಿರುತ್ತದೆ. ಅದರಲ್ಲಿ ಒಂದು ಪುಟ್ಟ ಗಾಜಿನ ಬಲ್ಬ್ ಇದೆ. ಕೆಂಪು ದ್ರವ ಇದ್ದರೆ ಅದು 68 ಡಿಗ್ರಿ ಸೆಲ್ಸಿಯಸ್‌ಗೆ ಒಡೆಯುತ್ತದೆ. ಸಿನಿಮಾದಲ್ಲಿ ತೋರಿಸುವಂತೆ ಎಲ್ಲ ಹೆಡ್‌ಗಳೂ ಒಟ್ಟಿಗೆ ನೀರು ಸುರಿಯುವುದಿಲ್ಲ. ಯಾವುದರ ಬಲ್ಬ್ ಬಿಸಿಯಾಗಿ ಒಡೆಯುತ್ತದೋ ಅದು ಮಾತ್ರ ತೆರೆಯುತ್ತದೆ. ಸಣ್ಣ ಬೆಂಕಿಗೆ ಕೆಲವೇ ಹೆಡ್‌ಗಳು ತೆರೆದು, ಆ ನೀರೇ ಸಾಕಾಗುತ್ತದೆ.

ಎತ್ತರದ ಪ್ಲಾಸ್ಟಿಕ್ ಅಟ್ಟಿಯಲ್ಲಿ ಆಗುವುದೇ ಬೇರೆ. ಬಿಸಿಗಾಳಿ ಎಷ್ಟು ಜೋರಾಗಿ ಮೇಲೇಳುತ್ತದೆಂದರೆ ಸಣ್ಣ ನೀರಿನ ಹನಿಗಳನ್ನು ಅದು ಕೆಳಗಿಳಿಯಲು ಬಿಡುವುದೇ ಇಲ್ಲ. ಕೆಲವು ಹಾರಿಹೋಗುತ್ತವೆ, ಕೆಲವು ಆವಿಯಾಗುತ್ತವೆ. ನೀರು ಬುಡ ಮುಟ್ಟದೆ ಬೆಂಕಿ ಬೆಳೆಯುತ್ತದೆ. ಬೆಂಕಿ ಬೆಳೆದು ಬಿಸಿಗಾಳಿ ಛಾವಣಿಯುದ್ದಕ್ಕೂ ಹರಡಿ ದೂರದ ಹೆಡ್‌ಗಳನ್ನೂ ಒಡೆಯುತ್ತದೆ. ಪಂಪು ಕೊಡುವ ನೀರು ಅಷ್ಟೇ. ಅದನ್ನು ಹಂಚಿಕೊಳ್ಳುವ ಹೆಡ್‌ಗಳು ಹೆಚ್ಚಾದವು. ಒತ್ತಡ ಬಿತ್ತು. ಈಗ ಬೆಂಕಿಯ ನೆತ್ತಿಯ ಮೇಲಿರುವ ಹೆಡ್‌ನಿಂದಲೂ ಮೊದಲಿಗಿಂತ ಕಮ್ಮಿ ನೀರು. "ಸ್ಪ್ರಿಂಕ್ಲರ್ ಕೆಲಸ ಮಾಡಿತು, ಆದರೂ ಗೋದಾಮು ಹೋಯಿತು" ಅನ್ನುವ ವಿಚಿತ್ರ ಸುದ್ದಿಯ ಹಿಂದೆ ಇರುವುದು ಸಾಮಾನ್ಯವಾಗಿ ಈ ಸರಪಳಿ.

ಒಂದು ಶೆಡ್ಡಿನ ಲೆಕ್ಕ

ಲೆಕ್ಕ ಹಾಕಿ ನೋಡಿದರೆ ಇದು ಇನ್ನೂ ಸ್ಪಷ್ಟ. ಭಾರತದಲ್ಲಿ ಸ್ಪ್ರಿಂಕ್ಲರ್‌ಗೆ ಐಎಸ್ 15105 ಎಂಬ ಸಂಹಿತೆ ಇದೆ. ಎತ್ತರಕ್ಕೂ ನೀರಿಗೂ ಇರುವ ನಂಟು ಯುರೋಪಿನ ಇಎನ್ 12845 ಮಾನದಂಡದ ಕೋಷ್ಟಕದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಾಣುವುದರಿಂದ ಇಲ್ಲಿ ಅದನ್ನೇ ತೆಗೆದುಕೊಳ್ಳೋಣ. ಅದು ಮಾಲನ್ನು ನಾಲ್ಕು ವರ್ಗ ಮಾಡುತ್ತದೆ. ಗಟ್ಟಿ ಪ್ಲಾಸ್ಟಿಕ್‌ನ ಖಾಲಿ ಡಬ್ಬಿಗಳಂಥವು ಸಾಮಾನ್ಯವಾಗಿ ಮೂರನೇ ವರ್ಗ. ಥರ್ಮಾಕೋಲ್, ಫೋಮ್‌ನಂಥ ಉಬ್ಬಿಸಿದ ಪ್ಲಾಸ್ಟಿಕ್ ನಾಲ್ಕನೇ ವರ್ಗ.

ಒಂದು ಕಾಲ್ಪನಿಕ ಶೆಡ್. ಸಾಮಾನ್ಯ ಅಪಾಯದ ಮಟ್ಟಕ್ಕೆ ಸ್ಪ್ರಿಂಕ್ಲರ್ ಹಾಕಿದ್ದಾರೆ. ಅಂದರೆ ನಿಮಿಷಕ್ಕೆ 5 ಮಿಲಿಮೀಟರ್ ಮಳೆಯಷ್ಟು ನೀರು, 216 ಚದರ ಮೀಟರ್ ಜಾಗದ ಮೇಲೆ, ಒಂದು ಗಂಟೆ ಕಾಲ. ಒಂದು ಚದರ ಮೀಟರ್ ಮೇಲೆ 1 ಮಿಲಿಮೀಟರ್ ನೀರು ಅಂದರೆ 1 ಲೀಟರ್. ಹಾಗಾಗಿ ನಿಮಿಷಕ್ಕೆ 1,080 ಲೀಟರ್, ಗಂಟೆಗೆ ಸುಮಾರು 65 ಸಾವಿರ ಲೀಟರ್. ಒಂದೊಂದು ಹೆಡ್ 12 ಚದರ ಮೀಟರ್ ನೋಡಿಕೊಳ್ಳುತ್ತದೆ ಅಂದರೆ ಈ ಲೆಕ್ಕ 18 ಹೆಡ್‌ಗಳಿಗೆ. ಹತ್ತೊಂಬತ್ತನೆಯದು ತೆರೆದ ಕೂಡಲೇ ಎಲ್ಲ ಕುಸಿಯುತ್ತದೆ ಅಂತಲ್ಲ. ಆದರೆ ಅಲ್ಲಿಂದ ಮುಂದಕ್ಕೆ ಯಾರೂ ಭರವಸೆ ಕೊಟ್ಟಿಲ್ಲ.

ಈ ವ್ಯವಸ್ಥೆಯಡಿ ಖಾಲಿ ಡಬ್ಬಿಗಳನ್ನು ನೆಲದ ಮೇಲೆ ಎಷ್ಟು ಎತ್ತರ ಪೇರಿಸಬಹುದು? 2.1 ಮೀಟರ್. ಥರ್ಮಾಕೋಲ್ ಆದರೆ 1.2 ಮೀಟರ್, ಅಂದರೆ ನಾಲ್ಕು ಅಡಿ. ಅದೂ ಒಂದೊಂದು ಅಟ್ಟಿಯ ಗುಂಪು 50 ಚದರ ಮೀಟರ್ ದಾಟಬಾರದು, ಸುತ್ತ 2.4 ಮೀಟರ್ ದಾರಿ ಖಾಲಿ ಇರಬೇಕು.

ಈಗ ಬಾಡಿಗೆಗೆ ಬಂದವರು ಡಬ್ಬಿಗಳನ್ನು 4 ಮೀಟರ್ ಪೇರಿಸಿದರು ಅನ್ನಿ. ಕೋಷ್ಟಕದಲ್ಲಿ 4.1 ಮೀಟರ್‌ವರೆಗಿನ ಸಾಲಿಗೆ ನಿಮಿಷಕ್ಕೆ 12.5 ಮಿಲಿಮೀಟರ್, 260 ಚದರ ಮೀಟರ್, 90 ನಿಮಿಷ ಬೇಕು. ನಿಮಿಷಕ್ಕೆ 3,250 ಲೀಟರ್, ಒಟ್ಟು 2 ಲಕ್ಷ 92 ಸಾವಿರ ಲೀಟರ್. ಅದೇ 4 ಮೀಟರ್ ಥರ್ಮಾಕೋಲ್ ಆದರೆ 27.5 ಮಿಲಿಮೀಟರ್, 300 ಚದರ ಮೀಟರ್. ನಿಮಿಷಕ್ಕೆ 8,250 ಲೀಟರ್, ಒಟ್ಟು 7 ಲಕ್ಷ 42 ಸಾವಿರ. ಶೆಡ್ ಅದೇ, ಎತ್ತರವೂ ಒಂದೇ. ಆದರೆ ಎತ್ತಿದರೆ ಹಗುರವಾದ ಥರ್ಮಾಕೋಲ್‌ಗೆ ಡಬ್ಬಿಗಿಂತ ಎರಡೂವರೆ ಪಟ್ಟು ನೀರು. ಹಗುರ ಮಾಲು ಅಂತ ಥರ್ಮಾಕೋಲನ್ನು ಎಲ್ಲಕ್ಕಿಂತ ಮೇಲೆ ಪೇರಿಸುವ ರೂಢಿ ಎಷ್ಟು ಅಪಾಯದ್ದು ಅಂತ ಇಲ್ಲೇ ಗೊತ್ತಾಗುತ್ತದೆ.

ಫೈರ್ ಇಂಜಿನ್ ಬರುತ್ತಲ್ಲ ಅಂತ ಕೇಳಬಹುದು. ನಮ್ಮಲ್ಲಿ ಸಾಮಾನ್ಯವಾಗಿ ಕಾಣುವ ದೊಡ್ಡ ವಾಹನದಲ್ಲಿ 4,500 ಲೀಟರ್ ನೀರು ಇರುತ್ತದೆ. ಡಬ್ಬಿಗಳ ಲೆಕ್ಕದಲ್ಲಿ ಅದು ಒಂದೂವರೆ ನಿಮಿಷಕ್ಕೂ ಸಾಲದು. ಕುಶಾಲನಗರದ ವಾಹನ ಬೇಗ ತಲುಪಿದರೂ ಎರಡನೆಯದು ಮಡಿಕೇರಿಯಿಂದ 30 ಕಿಲೋಮೀಟರ್ ದಾರಿ ಇಳಿದು ಬರಬೇಕು. ಪ್ರವಾಸಿಗರ ವಾಹನ ತುಂಬಿದ ವಾರಾಂತ್ಯದಲ್ಲಾದರೆ ಹೇಳುವುದೇ ಬೇಡ. ಕಾವೇರಿ ಪಕ್ಕದಲ್ಲೇ ಹರಿಯುತ್ತಿದ್ದರೂ, ಹೊಳೆಗೆ ವಾಹನ ಇಳಿಯುವ ದಾರಿ ಮತ್ತು ಎಳೆಯುವ ಪಂಪು ಇಲ್ಲದಿದ್ದರೆ ಆ ನೀರು ಲೆಕ್ಕಕ್ಕೆ ಬರುವುದಿಲ್ಲ.

ಮಾಲೀಕರು, ಬಾಡಿಗೆದಾರರು, ಇಲಾಖೆ

ಮಾಲೀಕರ ವಾದದಲ್ಲಿ ಹುರುಳಿಲ್ಲ ಅಂತ ತಳ್ಳಿಹಾಕಲಾಗದು. ಗೋದಾಮಿನ ಆದಾಯ ಇರುವುದೇ ಎತ್ತರದಲ್ಲಿ. ನಾಲ್ಕು ಅಡಿಗೆ ನಿಲ್ಲಿಸಿ ಅಂದರೆ ಏಳು ಮೀಟರ್ ಎತ್ತರದ ಶೆಡ್ ಕಟ್ಟಿದ್ದು ಯಾಕೆ? ಮೂರು ಲಕ್ಷ ಲೀಟರ್‌ನ ಟ್ಯಾಂಕು, ದೊಡ್ಡ ಪೈಪು, ಕರೆಂಟ್ ಹೋದರೂ ಓಡುವ ಡೀಸೆಲ್ ಪಂಪು, ಇವಕ್ಕೆಲ್ಲ ಬಾಡಿಗೆಯಿಂದ ದುಡ್ಡು ಹುಟ್ಟಬೇಕು. ಕೊಡಗಿನ ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋಗುವುದು ಹೊಸ ವಿಷಯವಲ್ಲ, ಆದ್ದರಿಂದ ಡೀಸೆಲ್ ಪಂಪನ್ನು ಬಿಡುವ ಹಾಗೂ ಇಲ್ಲ.

ಬಾಡಿಗೆದಾರರು ಹೇಳುವುದು ಬೇರೆ. ನಾವು ಸ್ಪ್ರಿಂಕ್ಲರ್ ಇರುವ ಶೆಡ್ ಅಂತಲೇ ಜಾಸ್ತಿ ಬಾಡಿಗೆ ಕೊಟ್ಟು ಹಿಡಿದಿದ್ದೇವೆ, ಎಷ್ಟು ಎತ್ತರ ಅಂತ ಯಾರೂ ಹೇಳಲಿಲ್ಲ. ಇದೂ ನಿಜವೇ. ಕರಾರು ಪತ್ರದಲ್ಲಿ ಚದರ ಅಡಿ ಇರುತ್ತದೆ, ಅಟ್ಟಿಯ ಎತ್ತರ ಇರುವುದಿಲ್ಲ.

ಇನ್ನು ನಿಯಮ. ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ನಾಲ್ಕನೇ ಭಾಗ ಬೆಂಕಿ ಸುರಕ್ಷತೆಯದ್ದು. ಗೋದಾಮುಗಳನ್ನು ಅದು ಪ್ರತ್ಯೇಕ ಗುಂಪಾಗಿಯೇ ನೋಡುತ್ತದೆ. ಆದರೆ ಈ ಸಂಹಿತೆ ತಾನೇ ಕಾನೂನಲ್ಲ. ರಾಜ್ಯ ಮತ್ತು ಸ್ಥಳೀಯ ಸಂಸ್ಥೆಗಳ ಕಟ್ಟಡ ನಿಯಮಗಳೊಳಗೆ ಬಂದಷ್ಟು ಮಾತ್ರ ಅದಕ್ಕೆ ಬಲ. ಅದಕ್ಕಿಂತ ಮುಖ್ಯವಾದ ತೊಡಕು, ಅನುಮತಿ ಸಿಗುವುದು ಕಟ್ಟುವಾಗ. ಮಾಲು ಬದಲಾಗುವುದು ಅದಾದ ಎಷ್ಟೋ ವರ್ಷಗಳ ಮೇಲೆ. ನಡುವೆ ಬಂದು ಅಟ್ಟಿ ಅಳೆಯುವವರು ಯಾರು? ಅನುಭವದಲ್ಲಿ ಈ ಕೆಲಸ ವಿಮಾ ಕಂಪನಿಯ ಸರ್ವೇಯರ್ ಪಾಲಿಗೆ ಬರುತ್ತದೆ, ಅದೂ ಕೆಲವೊಮ್ಮೆ ನಷ್ಟ ಆದ ಮೇಲೆ. ಗೋಣಿಚೀಲ ಅಂತ ಬರೆಸಿ ಫೋಮ್ ಇಟ್ಟಿದ್ದರೆ ಆಗ ಜಗಳ ಶುರು.

ಎತ್ತರವೂ ಬೇಕು, ಸುರಕ್ಷತೆಯೂ ಬೇಕು ಅನ್ನುವವರಿಗೆ ದಾರಿ ಇಲ್ಲ ಅಂತಲ್ಲ. ರ್ಯಾಕ್‌ನ ಒಳಗೇ ಹಂತ ಹಂತಕ್ಕೆ ಹೆಡ್ ಕೂರಿಸಬಹುದು. ಆಗ ನೀರು ಬುಡಕ್ಕೆ ಇಳಿಯುವ ತಾಪತ್ರಯ ಬಹಳ ಮಟ್ಟಿಗೆ ತಪ್ಪುತ್ತದೆ. ಇಎಸ್‌ಎಫ್‌ಆರ್ ಎಂಬ ದೊಡ್ಡ ಬಾಯಿಯ ಹೆಡ್‌ಗಳೂ ಇವೆ. ದಪ್ಪ ಹನಿಗಳನ್ನು ಜೋರಾಗಿ ಕೆಳಕ್ಕೆ ತಳ್ಳುವುದು ಅವುಗಳ ಗುಟ್ಟು. ಆದರೆ ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆ ಎನ್‌ಎಫ್‌ಪಿಎಯ 13ನೇ ಮಾನದಂಡದ ಪ್ರಕಾರ ಅವನ್ನು ಹಾಕುವ ಛಾವಣಿಯ ಇಳಿಜಾರು ಆರಕ್ಕೆ ಒಂದು ಮೀರಬಾರದು. ಇಳಿಜಾರು ಜಾಸ್ತಿಯಾದರೆ ಬಿಸಿಗಾಳಿ ಮೇಲಿನ ತುದಿಗೆ ಓಡಿ, ಬೆಂಕಿಯ ಮೇಲಿನ ಹೆಡ್ ಬದಲು ಆ ತುದಿಯ ಹತ್ತಿರದ ಹೆಡ್ ಮೊದಲು ಒಡೆಯುತ್ತದೆ. ಮಳೆಗೆ ಹೆದರಿ ಕಡಿದಾದ ಶೀಟ್ ಛಾವಣಿ ಹಾಕುವ ನಮ್ಮ ಕಡೆ ಈ ಮಾತು ಡಿಸೈನ್ ಮಾಡುವಾಗಲೇ ಎದ್ದು ಬರುತ್ತದೆ. ಅದನ್ನು ಕೇಳದ ಗುತ್ತಿಗೆದಾರನನ್ನು ನಂಬುವುದು ಕಷ್ಟ.

ಸಣ್ಣ ವ್ಯಾಪಾರಿಗಳಿಗೆ ನನಗೆ ತೋಚುವ ಅಗ್ಗದ ದಾರಿ ಮತ್ತೊಂದು: ಫೋಮ್ ಮತ್ತು ಥರ್ಮಾಕೋಲನ್ನು ಒಂದು ಪ್ರತ್ಯೇಕ ಸಣ್ಣ ಕೋಣೆಗೆ, ಇಟ್ಟಿಗೆ ಗೋಡೆಯ ಆಚೆಗೆ ಸಾಗಿಸಿ, ದೊಡ್ಡ ಶೆಡ್‌ನಲ್ಲಿ ಉಳಿದ ಮಾಲಿಟ್ಟು ಗೋಡೆಯ ಮೇಲೆ 2.1 ಮೀಟರ್‌ಗೆ ಕೆಂಪು ಗೆರೆ ಎಳೆಯುವುದು. ಜಾಗ ಕಳೆದುಕೊಳ್ಳಬೇಕಾಗುತ್ತದೆ, ನಿಜ. ಟ್ಯಾಂಕ್ ಕಟ್ಟುವುದಕ್ಕಿಂತ ಕಮ್ಮಿ ಖರ್ಚು.

ಗುಡಿಸುವ ಕೆಲಸ

ಎತ್ತರ, ನೀರು ಎಲ್ಲ ಸರಿ ಇದ್ದರೂ ದಿನದ ಅಚ್ಚುಕಟ್ಟು ತಪ್ಪಿದರೆ ಲೆಕ್ಕ ಮತ್ತೆ ತಲೆಕೆಳಗು. ಕತ್ತರಿಸಿ ಎಸೆದ ಸ್ಟ್ರೆಚ್ ಫಿಲ್ಮ್, ಒಡೆದ ಥರ್ಮಾಕೋಲ್ ಪುಡಿ, ಹರಿದ ರಟ್ಟು. ಇವು ತೆಳು ಆದ್ದರಿಂದ ಒಂದು ಕಿಡಿಗೂ ಹತ್ತಿಕೊಳ್ಳುತ್ತವೆ. ಗಟ್ಟಿ ಡಬ್ಬಿಗೆ ಕಿಡಿ ತಾಗಿದರೆ ಬೆಂಕಿ ಹಿಡಿಯದೇ ಇರಬಹುದು, ಅದರ ಬುಡದಲ್ಲಿ ಫಿಲ್ಮ್ ಉಂಡೆ ಇದ್ದರೆ ಹಿಡಿಯುತ್ತದೆ. ಖಾಲಿ ಪ್ಯಾಲೆಟ್‌ಗಳ ರಾಶಿ ಇನ್ನೊಂದು. ಸಂದುಗಳ ತುಂಬ ಗಾಳಿ ಇರುವುದರಿಂದ ಮಾಲು ತುಂಬಿದ ಪ್ಯಾಲೆಟ್‌ಗಿಂತ ಖಾಲಿ ಪ್ಯಾಲೆಟ್ ಚೆನ್ನಾಗಿ ಉರಿಯುತ್ತದೆ. ಖಾಲಿ ಅಂತ ಅದನ್ನು ಯಾರೂ ಮಾಲು ಅಂದುಕೊಳ್ಳುವುದಿಲ್ಲ, ಶೆಡ್ಡಿನ ಮೂಲೆಯಲ್ಲಿ ಸುಮ್ನೆ ಬೆಳೆಯುತ್ತಾ ಹೋಗುತ್ತದೆ.

ಕೊಡಗಿನ ಮಳೆಗಾಲ ಇದಕ್ಕೆ ತನ್ನದೇ ತೊಡಕು ಸೇರಿಸುತ್ತದೆ. ಬೇಸಿಗೆಯಲ್ಲಿ ಅಂಗಳದಲ್ಲಿದ್ದ ಕ್ರೇಟು, ಪ್ಯಾಲೆಟ್ ಎಲ್ಲ ಜೂನ್ ಬಂದ ಕೂಡಲೇ ಒಳಗೆ ಬರುತ್ತದೆ. 2.4 ಮೀಟರ್ ದಾರಿ ಒಂದು ಮೀಟರ್ ಆಗುತ್ತದೆ. ಬೆಂಕಿಗೆ ಆ ದಾರಿ ದಾಟಲು ಜ್ವಾಲೆ ತಾಗಬೇಕಾಗಿಲ್ಲ, ಎದುರಿನ ಅಟ್ಟಿಯ ಶಾಖವೇ ಸಾಕು. ಅಟ್ಟಿಯ ನೆತ್ತಿಗೂ ಹೆಡ್‌ಗೂ ನಡುವೆ ಸಾಮಾನ್ಯ ವ್ಯವಸ್ಥೆಯಲ್ಲಿ ಅರ್ಧ ಮೀಟರ್, ಎತ್ತರದ ದಾಸ್ತಾನಿನಲ್ಲಿ ಒಂದು ಮೀಟರ್ ಖಾಲಿ ಬೇಕು, ನೀರು ಕೊಡೆಯಂತೆ ಅರಳಲು. ಜಾಗ ಸಾಲದಾಗ ಮೊದಲು ತುಂಬುವುದೇ ಈ ಖಾಲಿ.

ಬ್ರಿಟನ್ನಿನ ಆಂಡೋವರ್‌ನಲ್ಲಿ 2019ರ ಫೆಬ್ರುವರಿಯಲ್ಲಿ ಆನ್‌ಲೈನ್‌ನಲ್ಲಿ ದಿನಸಿ ಮಾರುವ ಒಕಾಡೊ ಕಂಪನಿಯ ಗೋದಾಮು ಸುಟ್ಟುಹೋಯಿತು. ಸಾವಿರಾರು ಪ್ಲಾಸ್ಟಿಕ್ ಕ್ರೇಟ್‌ಗಳ ಮೇಲೆ ರೋಬೋಟ್‌ಗಳು ಓಡಾಡುವ ಆಧುನಿಕ ಕಟ್ಟಡ. ಚಾರ್ಜಿಂಗ್ ಜಾಗದಲ್ಲಿ ವಿದ್ಯುತ್ ದೋಷದಿಂದ ಒಂದು ರೋಬೋಟ್‌ನ ಪ್ಲಾಸ್ಟಿಕ್ ಮುಚ್ಚಳಕ್ಕೆ ಬೆಂಕಿ ಹತ್ತಿತು. ಅಗ್ನಿಶಾಮಕ ದಳದ ತನಿಖೆ ಎರಡು ಸಂಗತಿ ಹೊರತಂದಿತು: ದಳಕ್ಕೆ ಕರೆ ಹೋಗುವುದು ತಡವಾಗಿತ್ತು, ಸ್ಪ್ರಿಂಕ್ಲರ್ ಅನ್ನು ಬೇಗನೇ ಬಂದ್ ಮಾಡಲಾಗಿತ್ತು. ಬೆಂಕಿ ಆರಿತು ಅಂತ ಕಾಣುವುದಕ್ಕೂ, ಕ್ರೇಟ್‌ಗಳ ಆಳದಲ್ಲಿ ನಿಜವಾಗಿ ಆರುವುದಕ್ಕೂ ವ್ಯತ್ಯಾಸ ಇದೆ. ಮಾಲು ಇನ್ನಷ್ಟು ಒದ್ದೆಯಾಗದಿರಲಿ ಅಂತ ವಾಲ್ವ್ ತಿರುಗಿಸುವ ಆಸೆ ಎಲ್ಲ ದೇಶದಲ್ಲೂ ಒಂದೇ.

ಪೈಪಿನಲ್ಲಿ ಜೀವ ಇದೆಯಾ?

ಅಮೆರಿಕದ ಎನ್‌ಎಫ್‌ಪಿಎ ಅಂಕಿಅಂಶಗಳಲ್ಲಿ, ಸ್ಪ್ರಿಂಕ್ಲರ್ ಕೆಲಸ ಮಾಡದೇ ಹೋದ ಪ್ರಕರಣಗಳ ಅರ್ಧಕ್ಕಿಂತ ಜಾಸ್ತಿಯವಕ್ಕೆ ಕಾರಣ ಒಂದೇ. ವ್ಯವಸ್ಥೆಯನ್ನು ಯಾರೋ ಮೊದಲೇ ಬಂದ್ ಮಾಡಿ ಇಟ್ಟಿದ್ದರು. ಸೋರಿಕೆ ರಿಪೇರಿಗೆ ಮುಚ್ಚಿದ ವಾಲ್ವ್ ಮತ್ತೆ ತೆರೆಯದೇ ಉಳಿಯುವುದು ಇದಕ್ಕೊಂದು ಉದಾಹರಣೆ.

ಇದನ್ನು ಪತ್ತೆ ಹಚ್ಚಲು ಇಂಜಿನಿಯರ್ ಬೇಕಿಲ್ಲ. ಶೆಡ್‌ಗೆ ನೀರು ಏರುವ ದಪ್ಪ ಪೈಪಿನ ಬಳಿ ಒಂದು ಒತ್ತಡದ ಗೇಜ್ ಮತ್ತು ಒಂದು ಡ್ರೈನ್ ವಾಲ್ವ್ ಇರುತ್ತವೆ. ಮೊದಲು ಗೇಜ್ ನೋಡಿ ಬರೆದುಕೊಳ್ಳಬೇಕು. ಡ್ರೈನ್ ಪೂರ್ತಿ ತೆರೆದು, ನೀರು ಜೋರಾಗಿ ಹರಿಯುತ್ತಿರುವಾಗ ಮತ್ತೆ ನೋಡಬೇಕು. ಸ್ವಲ್ಪ ಇಳಿಯುವುದು ಸಹಜ. ಆದರೆ ಹಿಂದಿನ ಸಲದ ಅಂಕಿಗಿಂತ ತುಂಬ ಕೆಳಗೆ ಹೋದರೆ ಎಲ್ಲೋ ವಾಲ್ವ್ ಅರ್ಧ ಮುಚ್ಚಿದೆ ಅಥವಾ ಪೈಪು ಕಟ್ಟಿಕೊಂಡಿದೆ. ನೀರು ನಿಂತಿರುವಾಗ ಗೇಜ್ ಚೆನ್ನಾಗಿ ತೋರಿಸುತ್ತಿದೆ ಅಂತ ಸಮಾಧಾನ ಪಡುವಂತಿಲ್ಲ. ಕೂದಲೆಳೆಯಷ್ಟು ತೆರೆದ ವಾಲ್ವ್‌ನಲ್ಲೂ ನಿಂತ ನೀರಿನ ಒತ್ತಡ ಪೂರ್ತಿ ಕಾಣುತ್ತದೆ. ಪರೀಕ್ಷೆ ಮಾಡುವಾಗಲೇ ಒತ್ತಡ ಇಳಿದ ಕೂಡಲೇ ಪಂಪು ತಾನಾಗಿ ಶುರುವಾಯಿತಾ ಅಂತಲೂ ಗೊತ್ತಾಗುತ್ತದೆ.

ಅಲ್ಲೇ ಪೈಪಿಗೆ ಒಂದು ತಗಡಿನ ಫಲಕ ತೂಗುಹಾಕಿರಬೇಕು. ನಿಮಿಷಕ್ಕೆ ಎಷ್ಟು ಮಿಲಿಮೀಟರ್, ಎಷ್ಟು ಜಾಗಕ್ಕೆ, ಯಾವ ಮಾಲಿಗೆ, ಎಷ್ಟು ಎತ್ತರಕ್ಕೆ ಅಂತ ಅದರಲ್ಲಿ ಬರೆದಿರುತ್ತದೆ. ಶೆಡ್ ನೋಡಲು ಹೋದ ಬಾಡಿಗೆದಾರ ಕೇಳಬೇಕಾದ ಮೊದಲ ಪ್ರಶ್ನೆ ಈ ಫಲಕ ಎಲ್ಲಿ ಅನ್ನುವುದು. ಫಲಕ ಇಲ್ಲದಿದ್ದರೆ ಡಿಸೈನ್ ಕಾಗದ ಕೇಳಬೇಕು. ಅದೂ ಇಲ್ಲದಿದ್ದರೆ ಆ ಶೆಡ್ಡಿನಲ್ಲಿ ಸ್ಪ್ರಿಂಕ್ಲರ್ ಇಲ್ಲ ಅಂತಲೇ ಲೆಕ್ಕ ಹಾಕಿ ಮಾಲು ಇಡುವುದು ಒಳ್ಳೆಯದು.

ಬೆಂಕಿ ಕೈಮೀರಿದರೆ

ಉಕ್ಕಿನ ಶೆಡ್ ಸುಡುವುದಿಲ್ಲ, ಆದರೆ ಬಾಗುತ್ತದೆ. ಸುಮಾರು 550ರಿಂದ 600 ಡಿಗ್ರಿಯಲ್ಲಿ ಉಕ್ಕು ತನ್ನ ಬಲದ ಅರ್ಧದಷ್ಟನ್ನು ಕಳೆದುಕೊಳ್ಳುತ್ತದೆ. ಪ್ಲಾಸ್ಟಿಕ್ ಬೆಂಕಿ ಅದನ್ನು ಬೇಗ ದಾಟುತ್ತದೆ. ಸ್ಪ್ರಿಂಕ್ಲರ್ ಪೈಪು ತೂಗುವುದೇ ಛಾವಣಿಯ ಕಬ್ಬಿಣದಿಂದ. ಅದು ಕುಸಿದರೆ ಪೈಪೂ ಮುರಿದು, ಉಳಿದ ನೀರೆಲ್ಲ ಆ ಒಂದು ತೂತಿನಿಂದ ಹೋಗುತ್ತದೆ. ಆಮೇಲೆ ದಳದವರು ಒಳಗೆ ಕಾಲಿಡುವುದಿಲ್ಲ, ಇಡಲೂಬಾರದು. ಹೊರಗಿನಿಂದ ನೀರು ಹೊಡೆಯುತ್ತಾ ಪಕ್ಕದ ಶೆಡ್‌ಗಳನ್ನು ಕಾಯುವುದೇ ಕೆಲಸವಾಗುತ್ತದೆ.

ಹೊಗೆಯ ವಿಷಯದಲ್ಲಿ ಊರವರು ಸ್ಥಳ ಬಿಡಬೇಕಾಗಬಹುದು. 2023ರ ಏಪ್ರಿಲ್‌ನಲ್ಲಿ ಅಮೆರಿಕದ ಇಂಡಿಯಾನಾದ ರಿಚ್ಮಂಡ್‌ನಲ್ಲಿ ಮರುಬಳಕೆಗೆ ಕೂಡಿಟ್ಟ ಪ್ಲಾಸ್ಟಿಕ್‌ಗೆ ಬೆಂಕಿ ಬಿದ್ದಾಗ ಸುತ್ತಲಿನ ಸುಮಾರು ಎರಡು ಸಾವಿರ ಜನರಿಗೆ ಮನೆ ಬಿಡುವಂತೆ ಹೇಳಲಾಯಿತು.

ಕುಶಾಲನಗರಕ್ಕೆ ಇನ್ನೊಂದು ಚಿಂತೆ ನೀರಿನದ್ದು. ಬೆಂಕಿಯ ಮೇಲೆ ಸುರಿದ ಲಕ್ಷಾಂತರ ಲೀಟರ್ ಎಲ್ಲವೂ ಆವಿಯಾಗಿ ಹೋಗುವುದಿಲ್ಲ. ಮಸಿ, ಕರಗಿದ ಪ್ಲಾಸ್ಟಿಕ್, ಅದರಲ್ಲಿದ್ದ ಬಣ್ಣ ಮತ್ತು ರಾಸಾಯನಿಕಗಳನ್ನು ಹೊತ್ತು ಬಹುಪಾಲು ಚರಂಡಿಗೆ ಇಳಿಯುತ್ತದೆ. ಚರಂಡಿಯ ಇಳಿಜಾರು ಇರುವುದು ಕಾವೇರಿಯ ಕಡೆಗೆ. ಕೆಳಗಿನ ಊರುಗಳು ಕುಡಿಯುವುದು ಅದೇ ಹೊಳೆಯ ನೀರು. ಇದನ್ನು ತಡೆಯುವ ಉಪಾಯ ದೊಡ್ಡದೇನಲ್ಲ: ಶೆಡ್ಡಿನ ಅಂಗಳದ ಸುತ್ತ ಗಿಡ್ಡ ಕಟ್ಟೆ, ಮಳೆನೀರು ಹೊರಹೋಗುವ ಬಾಯಿಗೆ ಒಂದು ಮುಚ್ಚುವ ಬಾಗಿಲು, ಅದು ಇಲ್ಲದ ಕಡೆ ಮರಳು ತುಂಬಿದ ಚೀಲಗಳು. ಆದರೆ ಬೆಂಕಿ ಬಿದ್ದ ರಾತ್ರಿ ಆ ಬಾಗಿಲು ಮುಚ್ಚುವವರು ಯಾರು ಅಂತ ಹೆಸರು ಬರೆದಿಟ್ಟಿರಬೇಕು. ಜುಲೈ ತಿಂಗಳಲ್ಲಾದರೆ ಕಟ್ಟೆಯೊಳಗೆ ಮಳೆನೀರೂ ತುಂಬುತ್ತಿರುತ್ತದೆ, ಹಾಗಾಗಿ ಕಟ್ಟೆಯ ಎತ್ತರ ಲೆಕ್ಕ ಹಾಕುವಾಗ ಸ್ಪ್ರಿಂಕ್ಲರ್ ನೀರಿನ ಜೊತೆ ಆ ದಿನದ ಮಳೆಯನ್ನೂ ಸೇರಿಸಿಕೊಳ್ಳಬೇಕಾಗುತ್ತದೆ.